ಒಳಗೆ ತಂದ ಕರಿಬೇವು ಎಲೆ ಉದುರಿಸಿದಾಗ: ನ್ಯೂಜೆರ್ಸಿಯ ಒಂದು ಕುಂಡದ ಚಳಿಗಾಲ

ನವೆಂಬರ್ ಬಂತೆಂದರೆ ಚಳಿ ದೇಶದಲ್ಲಿರುವ ನಮ್ಮವರ ಮನೆಗಳಲ್ಲಿ ಕರಿಬೇವಿನ ಗಿಡದ ಚಿಂತೆ ಶುರುವಾಗುತ್ತದೆ. ಬೇಸಿಗೆಯೆಲ್ಲ ಹೊರಗೆ ಸೊಂಪಾಗಿದ್ದ ಗಿಡ ಒಳಗೆ ಬಂದ ಮೇಲೆ ಎಲೆ ಉದುರಿಸುತ್ತದೆ. ಚಿಗುರು ಇದ್ದಲ್ಲೇ ನಿಂತುಬಿಡುತ್ತದೆ. ಕಳೆದ ಚಳಿಗಾಲದಲ್ಲಿ ನಾನು ಕೈಹಾಕಿದ್ದು ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕನ ಗಿಡಕ್ಕೆ. ಏನು ನೋಡಿದೆ, ಏನು ಮಾಡಿದೆ, ಗಿಡ ಅದಕ್ಕೆ ಏನು ಮಾಡಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಗಿಡಕ್ಕೆ ನಾಲ್ಕು ವರ್ಷ. ಎತ್ತರ ಸುಮಾರು ಮೂರೂವರೆ ಅಡಿ. ಹತ್ತು ಇಂಚಿನ ಪ್ಲಾಸ್ಟಿಕ್ ಕುಂಡ. ಮೇ ತಿಂಗಳಿಂದ ಹಿತ್ತಲಿನ ಕಟ್ಟೆಯ ಮೇಲೆ ಪೂರ್ತಿ ಬಿಸಿಲಿನಲ್ಲಿತ್ತು. ಅಕ್ಟೋಬರ್ ಕೊನೆಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಸೂಚನೆ ಬಂದ ರಾತ್ರಿ ಒಳಗೆ ತಂದು, ಹಿತ್ತಲಿಗೆ ತೆರೆಯುವ ಗಾಜಿನ ಜಾರುಬಾಗಿಲ ಪಕ್ಕದ ಟೈಲ್ಸ್ ನೆಲದ ಮೇಲೆ ಇಟ್ಟಿದ್ದರು. ಸ್ವಲ್ಪ ದಿನದಲ್ಲೇ ಕೆಳಗಿನ ಎಸಳುಗಳು ಹಳದಿಯಾದವು. ಆಮೇಲೆ ಗಿಡ ಮುಟ್ಟಿದರೆ ಸಾಕು, ಎಲೆ ಸುರಿಯತೊಡಗಿತು.

ಅಕ್ಕ ಫೋನ್ ಮಾಡಿದಾಗ ಹೇಳಿದ್ದು ಇಷ್ಟು: "ದಿನಾ ನೀರು ಹಾಕ್ತಾ ಇದೀನಿ ಕಣೋ, ಆದ್ರೂ ಒಣಗ್ತಾ ಇದೆ. ಗೊಬ್ಬರ ಹಾಕ್ಲಾ?"

"ಬೇಡ ಅಕ್ಕ. ಗೊಬ್ಬರನೂ ಬೇಡ, ನೀರೂ ಬೇಡ. ನಾನು ಬರೋವರೆಗೂ ಹಾಗೇ ಬಿಡು," ಅಂದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಳಗೆ ಬಂದ ಕರಿಬೇವು ಎಲೆ ಉದುರಿಸಿದ್ದರಿಂದ ಸಾಯುವುದು ಕಡಿಮೆ. ಎಲೆ ಉದುರಿತೆಂದು ನಾವು ಜಾಸ್ತಿ ಹಾಕುವ ನೀರು, ಗೊಬ್ಬರದಿಂದ ಸಾಯುವುದೇ ಹೆಚ್ಚು. ಬೆಳಕು ಕಡಿಮೆಯಾದರೆ ಗಿಡ ತನ್ನ ಊಟ ತಯಾರಿಸುವುದು ಕಡಿಮೆಯಾಗುತ್ತದೆ. ಆಗ ಅಷ್ಟೊಂದು ಎಲೆಯನ್ನು ಸಾಕಲು ಅದಕ್ಕೆ ಆಗುವುದಿಲ್ಲ. ಹಳೆಯ ಎಲೆಗಳನ್ನು ಬಿಟ್ಟುಕೊಡುತ್ತದೆ. ಎಲೆ ಕಡಿಮೆಯಾದ ಮೇಲೆ ಬೇರು ಎಳೆಯುವ ನೀರೂ ಕಡಿಮೆ. ಆದರೆ ನಾವು ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕುತ್ತಿರುತ್ತೇವೆ. ತಣ್ಣಗಿನ, ಒದ್ದೆ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೆಯತೊಡಗುತ್ತದೆ. ಬೇರು ಕೊಳೆತ ಗಿಡದ ಎಲೆಯೂ ಹಳದಿಯಾಗಿ ಬಾಡುತ್ತದೆ. ನೋಡಿದವರಿಗೆ ನೀರು ಸಾಲದೆ ಬಾಡಿದೆ ಅನ್ನಿಸಿ ಇನ್ನೊಂದು ಲೋಟ ಹಾಕುತ್ತಾರೆ.

ಹೋದವನು ಮೊದಲು ನೋಡಿದ್ದು ಎಲೆ ಹೇಗೆ ಉದುರಿದೆ ಅನ್ನುವುದನ್ನು. ನಾವು ಒಗ್ಗರಣೆಗೆ ಕೀಳುವ ಒಂದು ಎಸಳು ನಿಜವಾಗಿ ಒಂದೇ ಎಲೆ. ಅದರಲ್ಲಿರುವ ಚಿಕ್ಕಚಿಕ್ಕ ಎಲೆಗಳು ಆ ದೊಡ್ಡ ಎಲೆಯ ಭಾಗಗಳು. ಗಿಡ ತಾನಾಗಿ ಎಲೆ ಬಿಡುವಾಗ ಮೊದಲು ಈ ಚಿಕ್ಕ ಎಲೆಗಳು ಒಂದೊಂದಾಗಿ ಬೀಳುತ್ತವೆ. ನಡುವಿನ ಕಡ್ಡಿ ಬರಿದಾಗಿ ಕೆಲವು ದಿನ ಹಾಗೇ ನಿಂತಿರುತ್ತದೆ. ಆ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿದರೆ ಕಾಂಡದ ಹತ್ತಿರ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಅದು ಬಿಟ್ಟ ಜಾಗದಲ್ಲಿ ನಯವಾದ ಒಂದು ಗುರುತು ಉಳಿಯುತ್ತದೆ. ಅದರ ಮೇಲೆ ಸಣ್ಣ ಮೊಗ್ಗೊಂದು ಇರುತ್ತದೆ.

ಹೀಗಿದ್ದರೆ ಆ ಕೊಂಬೆ ಜೀವಂತವಾಗಿದೆ ಎಂದು ಧೈರ್ಯ ತಂದುಕೊಳ್ಳಬಹುದು. ಎಲೆಯನ್ನು ಕಳಚಿಕೊಳ್ಳುವುದು ಜೀವ ಇರುವ ಕೊಂಬೆ ಮಾಡುವ ಕೆಲಸ. ಸತ್ತ ಕೊಂಬೆಗೆ ಅದು ಸಾಧ್ಯವಿಲ್ಲ. ಅಲ್ಲಿ ಎಲೆಗಳು ಕಂದಾಗಿ ಮುರುಟಿ ಕೊಂಬೆಗೇ ಅಂಟಿಕೊಂಡಿರುತ್ತವೆ, ಎಳೆದರೂ ಬರುವುದಿಲ್ಲ. ಬೋಳಾದ ಗಿಡಕ್ಕಿಂತ ಒಣ ಎಲೆ ಹೊತ್ತು ನಿಂತ ಗಿಡಕ್ಕೇ ಹೆಚ್ಚು ಹೆದರಬೇಕು. ಅಕ್ಕನ ಗಿಡದಲ್ಲಿ ಹೆಚ್ಚಿನ ಕಡ್ಡಿಗಳು ಸಲೀಸಾಗಿ ಬಿಟ್ಟುಕೊಂಡವು. ಒಂದು ತೆಳು ಕೊಂಬೆಯಲ್ಲಿ ಮಾತ್ರ ಎಲೆ ಅಂಟಿಕೊಂಡಿತ್ತು. ಉಗುರಿನಿಂದ ಅದರ ಸಿಪ್ಪೆ ಕೆರೆದೆ. ಒಳಗೆ ಕಂದು ಬಣ್ಣ. ಮುಖ್ಯ ಕಾಂಡವನ್ನು ಎರಡು ಕಡೆ ಕೆರೆದೆ. ಒದ್ದೆ ಒದ್ದೆಯಾದ ಹಸಿರು. ಸತ್ತ ಕೊಂಬೆಯನ್ನು ಹಸಿರು ಸಿಗುವವರೆಗೆ ಕತ್ತರಿಸಿ ತೆಗೆದೆ. ಉಳಿದದ್ದನ್ನು ಮುಟ್ಟಲಿಲ್ಲ.

ಆಮೇಲೆ ಕುಂಡ. ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತ್ತು. ಅಡುಗೆಮನೆಯಲ್ಲಿ ಹಾಲು, ಮಾಂಸದ ಬಿಸಿ ನೋಡುವ ಚುಚ್ಚು ಥರ್ಮಾಮೀಟರ್ ಇರುತ್ತದಲ್ಲ, ಅದನ್ನು ಚೆನ್ನಾಗಿ ಒರೆಸಿ ಮಣ್ಣಿನೊಳಗೆ ಇಳಿಸಿದೆ. ಬೆಳಿಗ್ಗೆ ಏಳು ಗಂಟೆಗೆ 13 ಡಿಗ್ರಿ ಸೆಲ್ಸಿಯಸ್. ಗೋಡೆಯ ಮೇಲಿನ ಥರ್ಮೋಸ್ಟಾಟ್ 20 ತೋರಿಸುತ್ತಿತ್ತು. ಮನೆ ಬೆಚ್ಚಗಿದೆ ಎಂದರೆ ಬೇರೂ ಬೆಚ್ಚಗಿದೆ ಎಂದಲ್ಲ. ಗಾಜಿನ ಪಕ್ಕ, ತಣ್ಣನೆ ಟೈಲ್ಸ್ ಮೇಲೆ ಕೂತ ಒದ್ದೆ ಮಣ್ಣು ರಾತ್ರಿಯೆಲ್ಲ ಬಿಸಿ ಕಳೆದುಕೊಳ್ಳುತ್ತದೆ. ಕರಿಬೇವು ಸುಮಾರು 15 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಲ್ಲಿಸಿ ಮಲಗುವ ಗಿಡ. ಇದು ನಮ್ಮೂರಲ್ಲೂ ಇರುವ ಮಾತೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಎರಡು ಕರಿಬೇವು ತಳಿಗಳಲ್ಲಿ ಡಿಡಬ್ಲ್ಯೂಡಿ-1 ಚಳಿಗಾಲದಲ್ಲಿ ಸರಿಯಾಗಿ ಚಿಗುರುವುದಿಲ್ಲ, ಡಿಡಬ್ಲ್ಯೂಡಿ-2 ಅಷ್ಟು ಚಳಿಗೆ ಅಂಜುವುದಿಲ್ಲ. ಧಾರವಾಡದ ಚಳಿಗೇ ಹೀಗಾದರೆ ಇಲ್ಲಿಯ ಜನವರಿಯಲ್ಲಿ ಗಿಡ ಮಲಗಿದ್ದು ರೋಗವೇನಲ್ಲ.

ಬೇರು ನೋಡದೆ ಮುಂದೆ ಹೋಗುವಂತಿರಲಿಲ್ಲ. ಗಿಡವನ್ನು ಓರೆ ಮಾಡಿ, ಕುಂಡದ ಬದಿ ತಟ್ಟಿ, ಮಣ್ಣಿನ ಮುದ್ದೆಯನ್ನು ಹಾಗೇ ಹೊರಗೆ ಜಾರಿಸಿದೆ. ಮೇಲಿನ ಭಾಗದಲ್ಲಿ ಬೇರು ಕೆನೆ ಬಣ್ಣದಲ್ಲಿ ಗಟ್ಟಿಯಾಗಿತ್ತು. ಕೆಳಗೆ ಎರಡು ಇಂಚಿನಷ್ಟು ಮಣ್ಣು ಕೆಸರಾಗಿ, ಸುತ್ತು ಹಾಕಿದ ಕೆಲವು ಬೇರು ಕಂದಾಗಿದ್ದವು. ಅವನ್ನು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು. ಕೊಳೆತ ಬೇರಿನ ಗುರುತು ಇದೇ. ಅಷ್ಟನ್ನೇ ಕತ್ತರಿಸಿ ಹಾಕಿದೆ. ಹಳೆ ದಿನಪತ್ರಿಕೆಯ ದಪ್ಪ ಮಡಿಕೆಯ ಮೇಲೆ ಮುದ್ದೆಯನ್ನು ರಾತ್ರಿಯಿಡೀ ಕೂರಿಸಿದೆ. ಬೆಳಿಗ್ಗೆ ಹೊತ್ತಿಗೆ ಕಾಗದ ನೀರು ಕುಡಿದು ತೊಯ್ದಿತ್ತು. ಗಿಡವನ್ನು ಮತ್ತೆ ಅದೇ ಕುಂಡಕ್ಕೆ ಇಳಿಸಿ, ಕೆಳಗೆ ಖಾಲಿಯಾದ ಕಡೆ ಪರ್ಲೈಟ್ ಎಂಬ ಹಗುರ ಬಿಳಿ ಹರಳು ಬೆರೆಸಿದ ಒಣ ಮಣ್ಣು ತುಂಬಿದೆ. ಅರ್ಧಕ್ಕಿಂತ ಹೆಚ್ಚು ಬೇರು ಕೊಳೆತಿದ್ದರೆ ಮಣ್ಣು ಪೂರ್ತಿ ಬದಲಿಸಿ ಚಿಕ್ಕ ಕುಂಡಕ್ಕೆ ಹಾಕಬೇಕಾಗುತ್ತಿತ್ತು. ಇಲ್ಲಿ ಆ ಅಗತ್ಯವಿರಲಿಲ್ಲ. ಮಲಗಿರುವ ಗಿಡ ಹೊಸ ಬೇರು ಬಿಡುವುದು ತೀರಾ ನಿಧಾನ. ಅದಕ್ಕೇ ಚಳಿಗಾಲದ ನಡುವೆ ದೊಡ್ಡ ಕುಂಡಕ್ಕೆ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಬೇರು ತಲುಪದ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗೇ ಉಳಿಯುತ್ತದೆ.

ಈಗ ಜಾಗ ಬದಲಿಸುವ ಕೆಲಸ. ಗಾಜಿನಿಂದ ಎರಡು ಅಡಿ ಈಚೆಗೆ ಒಂದು ಮರದ ಸ್ಟೂಲ್ ಹಾಕಿದೆ. ಅದರ ಮೇಲೆ ಒಂದು ತುಂಡು ಥರ್ಮಾಕೋಲ್, ಅದರ ಮೇಲೆ ಬೀಜ ಮೊಳಕೆ ಬರಿಸಲು ಮಾರುವ 20 ವ್ಯಾಟ್‌ನ ಬಿಸಿ ಮ್ಯಾಟ್, ಅದರ ಮೇಲೆ ತಟ್ಟೆ, ಕುಂಡ. ತಟ್ಟೆಯಲ್ಲಿ ಎರಡು ಮರದ ಪಟ್ಟಿ ಇಟ್ಟು ಕುಂಡವನ್ನು ಎತ್ತರಿಸಿದೆ. ಹೆಚ್ಚಾದ ನೀರು ಇಳಿದರೂ ಕುಂಡದ ತಳಕ್ಕೆ ತಾಗುವುದಿಲ್ಲ. ಮರುದಿನ ಬೆಳಿಗ್ಗೆ ಮಣ್ಣು 20 ಡಿಗ್ರಿಗೆ ಬಂದಿತ್ತು. ಮ್ಯಾಟ್ ಇಲ್ಲದವರು ಸ್ಟೂಲ್ ಮತ್ತು ಥರ್ಮಾಕೋಲ್ ಇಷ್ಟನ್ನೇ ಮಾಡಿದರೂ ಮೂರು ನಾಲ್ಕು ಡಿಗ್ರಿ ಸಿಗುತ್ತದೆ. ಹೀಟರಿನ ಬಿಸಿಗಾಳಿ ಬರುವ ನೆಲದ ಜಾಲರಿ ಅಲ್ಲೇ ಪಕ್ಕದಲ್ಲಿತ್ತು. ಅದರ ಮೇಲೆ ಪ್ಲಾಸ್ಟಿಕ್ ತಡೆ ಕೂರಿಸಿ ಗಾಳಿಯನ್ನು ಕೋಣೆಯ ಕಡೆಗೆ ತಿರುಗಿಸಿದೆ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಕಣ್ಣು ಮೋಸಹೋಗುವುದು ಅಲ್ಲೇ. ಆ ಬಾಗಿಲ ಪಕ್ಕ ನಮಗೆ ಧಾರಾಳ ಬೆಳಕು ಕಾಣುತ್ತದೆ. ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿ ನೋಡಿದರೆ ಮೋಡ ಕವಿದ ನವೆಂಬರ್ ಮಧ್ಯಾಹ್ನ ಎಲೆಯ ಮಟ್ಟದಲ್ಲಿ ಸುಮಾರು 1,500 ಲಕ್ಸ್. ಬೇಸಿಗೆಯ ನೇರ ಬಿಸಿಲು 50,000 ಲಕ್ಸ್ ಸಲೀಸಾಗಿ ದಾಟುತ್ತದೆ. ಹಗಲಿನ ಉದ್ದವೂ ಕಮ್ಮಿ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೂ ಮೇಲಿರುತ್ತದೆ. ನ್ಯೂಜೆರ್ಸಿಯಲ್ಲಿ ಡಿಸೆಂಬರ್ ಕೊನೆಗೆ ಒಂಬತ್ತು ಗಂಟೆ ದಾಟಿದರೆ ಹೆಚ್ಚು. ಇಷ್ಟು ಬೆಳಕಿನಲ್ಲಿ ಈ ಗಿಡ ಬದುಕಿರಬಹುದು, ಬೆಳೆಯಲು ಆಗುವುದಿಲ್ಲ.

40 ವ್ಯಾಟ್ ಎಳೆಯುವ ಬಿಳಿ ಎಲ್‌ಇಡಿ ಪ್ಯಾನಲ್ ಒಂದನ್ನು ಪರದೆ ಕೋಲಿನಿಂದ ಇಳಿಬಿಟ್ಟೆ. ಗಿಡದ ತುದಿಗೂ ದೀಪಕ್ಕೂ ಒಂದು ಅಡಿ ಅಂತರ. ತುದಿಯ ಎಲೆಯ ಹತ್ತಿರ 12,000 ಲಕ್ಸ್ ಬಂತು. ಫೋನಿನ ಅಳತೆ ಪಕ್ಕಾ ಅಲ್ಲ, ಆದರೆ ಮೊದಲಿಗೂ ಈಗಿಗೂ ಹೋಲಿಸಿ ನೋಡಲು ಸಾಕು. ನೇರಳೆ ಬಣ್ಣದ ದೀಪಕ್ಕಿಂತ ಬಿಳಿಯದು ನನಗೆ ಇಷ್ಟ. ಎಲೆಯ ನಿಜವಾದ ಬಣ್ಣ ಕಾಣುತ್ತದೆ, ಹುಳು ಬಂದರೆ ಬೇಗ ಗೊತ್ತಾಗುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ, ನಿಜಕ್ಕೂ ಎಷ್ಟು ವಿದ್ಯುತ್ ಎಳೆಯುತ್ತದೆ ಅನ್ನುವುದನ್ನು ನೋಡಿ. ಟೈಮರ್ ಹಾಕಿ ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಉರಿಯುವಂತೆ ಮಾಡಿದೆ. ತಿಂಗಳಿಗೆ 16 ಯೂನಿಟ್ ಆಸುಪಾಸು ಖರ್ಚು. ಒಂದಡಿಯ ಅಂತರವನ್ನು ಎರಡಡಿ ಮಾಡಿದರೆ ಬೆಳಕು ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ಹಾಗಾಗಿ ದೀಪ ಎಷ್ಟು ದೊಡ್ಡದು ಅನ್ನುವಷ್ಟೇ ಎಷ್ಟು ಹತ್ತಿರ ಅನ್ನುವುದೂ ಮುಖ್ಯ.

ನೀರಿನ ಲೆಕ್ಕಕ್ಕೆ ಬಳಸಿದ್ದು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ. ಊರಿಗೆ ಹೋಗಿಬರುವ ಎಲ್ಲರ ಮನೆಯಲ್ಲೂ ಅದೊಂದು ಇದ್ದೇ ಇರುತ್ತದೆ ಅಲ್ವಾ? ಕುಂಡದ ಅಂಚಿಗೆ ಮೂರು ಕಡೆ ಹಗ್ಗ ಕಟ್ಟಿ ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ ಆಯಿತು. ಚೆನ್ನಾಗಿ ನೀರು ಹಾಕಿ, ಇಳಿಯುವಷ್ಟು ಇಳಿದ ಮೇಲೆ ಈ ಕುಂಡ 8 ಕೆಜಿ ತೂಗುತ್ತಿತ್ತು. 6 ಕೆಜಿಗೆ ಇಳಿಯುವವರೆಗೆ ನೀರು ಹಾಕಕೂಡದು ಎಂದು ಅಕ್ಕನಿಗೆ ಹೇಳಿದೆ. ಆ ತೂಕದಲ್ಲಿ ಬೆರಳು ಎರಡು ಗೆಣ್ಣು ಇಳಿಸಿದರೂ ಮಣ್ಣು ಒಣಗಿರುತ್ತಿತ್ತು, ತಳದಲ್ಲಿ ಮಾತ್ರ ತುಸು ತೇವ. ಮೇಲ್ಮಣ್ಣು ನೋಡಿ ನಿರ್ಧರಿಸಿದರೆ ಚಳಿಗಾಲದಲ್ಲಿ ತಪ್ಪಾಗುತ್ತದೆ. ಹೀಟರ್ ಗಾಳಿಗೆ ಮೇಲಿನ ಅರ್ಧ ಇಂಚು ಬೇಗ ಒಣಗಿ ಬೆಳ್ಳಗಾಗುತ್ತದೆ, ಕೆಳಗೆ ಕೆಸರು ಹಾಗೇ ಇರುತ್ತದೆ. ಹಾಕುವ ದಿನ ಮಾತ್ರ ಉಗುರುಬೆಚ್ಚಗಿನ ನೀರನ್ನು ಕೆಳಗೆ ಸೋರುವವರೆಗೆ ಹಾಕಬೇಕು. ಅರ್ಧ ಲೋಟ, ಕಾಲು ಲೋಟದ ಲೆಕ್ಕ ಬೇಡ. ಡಿಸೆಂಬರಿನಲ್ಲಿ 8ರಿಂದ 6ಕ್ಕೆ ಇಳಿಯಲು ಎರಡು ವಾರಕ್ಕೂ ಹೆಚ್ಚು ಹಿಡಿಯುತ್ತಿತ್ತು. ಮೊದಲು ದಿನಾ ಒಂದು ಲೋಟ ಹೋಗುತ್ತಿದ್ದ ಜಾಗ ಅದು.

ಮಜ್ಜಿಗೆ ಹಾಕೋಣವಾ ಅಂತ ಅಕ್ಕ ಕೇಳಿದಳು. ಊರಲ್ಲಿ ಹಿತ್ತಲ ಗಿಡಕ್ಕೆ ಅಮ್ಮ ಹುಳಿ ಮಜ್ಜಿಗೆ ಹಾಕುವುದನ್ನು ನೋಡಿ ಬೆಳೆದವರು ನಾವು. ನೆಲದಲ್ಲಿರುವ, ಬಿಸಿಲು ಕಾಯುವ, ಬೆಳೆಯುತ್ತಿರುವ ಗಿಡಕ್ಕೆ ಉಪ್ಪಿಲ್ಲದ ನೀರುಮಜ್ಜಿಗೆ ಹಾಕಲು ನನ್ನ ಅಡ್ಡಿಯಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಣಗದ ಮಣ್ಣಿನ ಮೇಲೆ ಅದು ವಾಸನೆ ಬರುತ್ತದೆ, ಸಣ್ಣ ಕರಿ ನೊಣಗಳನ್ನು ಕರೆಯುತ್ತದೆ. ಹಾಗಾಗಿ ಬೇಸಿಗೆಯವರೆಗೆ ಬೇಡ ಎಂದೆ.

ಇಷ್ಟಾದ ಮೇಲೂ ಎರಡು ಮೂರು ವಾರ ಎಲೆ ಬೀಳುತ್ತಲೇ ಇತ್ತು. ಅದು ನಿರೀಕ್ಷೆ ಮಾಡಿದ್ದೇ. ಕಳಚಲು ಶುರುವಾದ ಎಲೆ ಮತ್ತೆ ಅಂಟಿಕೊಳ್ಳುವುದಿಲ್ಲ. ಆ ದಿನಗಳಲ್ಲಿ ಬೇರೇನೂ ಬದಲಿಸದೆ ಇರುವುದೇ ಕಷ್ಟದ ಕೆಲಸ. ಉಳಿದ ಎಲೆಗಳ ಮೇಲೆ ಮಾತ್ರ ಕಣ್ಣಿಟ್ಟಿದ್ದೆ. ಡಿಸೆಂಬರ್ ಮಧ್ಯಕ್ಕೆ ಹೊಸ ತೊಂದರೆ ಕಂಡಿತು. ಕೆಲವು ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಎಲೆಯ ಹೊಳಪು ಹೋಗಿ ಧೂಳು ಕೂತಂತೆ ಕಾಣುತ್ತಿತ್ತು. ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಎಸಳನ್ನು ತಟ್ಟಿದೆ. ಬಿದ್ದ ಧೂಳಿನಲ್ಲಿ ಕೆಲವು ಕಣ ನಿಧಾನವಾಗಿ ನಡೆಯತೊಡಗಿದವು. ನುಸಿ. ಹೀಟರ್ ಹಾಕಿದ ಒಣ ಮನೆಯೆಂದರೆ ಇವಕ್ಕೆ ಹಬ್ಬ. ಬೆಳಕು, ನೀರು ಎಲ್ಲ ಸರಿಮಾಡಿದರೂ ಎಲೆ ಉದುರುವುದು ನಿಲ್ಲದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇವನ್ನೇ.

ಕುಂಡದ ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿದು, ಗಿಡವನ್ನು ಬಚ್ಚಲುಮನೆಯ ಟಬ್ಬಿನಲ್ಲಿ ಮಲಗಿಸಿ, ಉಗುರುಬೆಚ್ಚಗಿನ ಶವರಿನಿಂದ ಎಲೆಯ ಎರಡೂ ಬದಿ ತೊಳೆದೆ. ಅಡಿಭಾಗವೇ ಮುಖ್ಯ, ಅವು ಇರುವುದು ಅಲ್ಲೇ. ಒಣಗಿದ ಮೇಲೆ ಗಿಡಗಳಿಗೆಂದೇ ಮಾರುವ, ತಿನ್ನುವ ಬೆಳೆಗೂ ಬಳಸಬಹುದು ಎಂದು ಬರೆದಿರುವ ಸಾಬೂನು ದ್ರಾವಣ ಸಿಂಪಡಿಸಿದೆ. ಇದು ಮೈಗೆ ತಾಗಿದ ನುಸಿಯನ್ನು ಮಾತ್ರ ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಅದಕ್ಕೇ ವಾರಕ್ಕೊಮ್ಮೆಯಂತೆ ಮೂರು ವಾರ ಮಾಡಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಎಲೆ ಸುಟ್ಟೀತು. ಇನ್ನೊಂದು ಮಾತು. ಮನೆಯೊಳಗಿನ ಅಲಂಕಾರದ ಗಿಡಗಳ ಮಣ್ಣಿಗೆ ಹಾಕುವ ಕೀಟನಾಶಕದ ಕಾಳು ಅಂಗಡಿಯಲ್ಲಿ ಸಿಗುತ್ತವೆ. ಅವು ಬೇರಿನಿಂದ ಎಲೆಗೆ ಏರುತ್ತವೆ. ನಾವು ತಿನ್ನುವ ಎಲೆ ಇದು, ಅದನ್ನು ಈ ಕುಂಡದ ಹತ್ತಿರ ಸುಳಿಸಲೇಬಾರದು.

ಈ ನಡುವೆ ಯಾರೋ ಅಕ್ಕನಿಗೆ "ಫ್ಲೋರಿಡಾದಿಂದ ಒಂದು ಹೊಸ ಗಿಡ ತರಿಸಿಬಿಡಿ" ಅಂದಿದ್ದರಂತೆ. ಅದು ಅಷ್ಟು ಸುಲಭದ ಮಾತಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದು. ಕಿತ್ತಳೆ ತೋಟಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ಎಂಬ ರೋಗವನ್ನು ಹರಡುವ ಏಷ್ಯಾದ ಸಿಲ್ಲಿಡ್ ಕೀಟ ಇದರ ಚಿಗುರಿನ ಮೇಲೂ ಮೊಟ್ಟೆ ಇಡುತ್ತದೆ. ಹಾಗಾಗಿ ಆ ಕೀಟವಿರುವ ರಾಜ್ಯಗಳಿಂದ ಕರಿಬೇವಿನ ಗಿಡ ಹೊರಗೆ ಸಾಗಿಸಲು ಅಮೆರಿಕದ ಕೃಷಿ ಇಲಾಖೆಯ ನಿರ್ಬಂಧವಿದೆ. ಇರುವ ಗಿಡವನ್ನು ಉಳಿಸಿಕೊಳ್ಳುವುದೇ ದಾರಿ.

ಜನವರಿಯಲ್ಲಿ ಎಲೆ ಬೀಳುವುದು ನಿಂತಿತು. ಬೆಳವಣಿಗೆ ಮಾತ್ರ ಏನೂ ಇಲ್ಲ. ಒಂದೂವರೆ ಅಡಿ ಬೋಳು ಕಾಂಡ, ತುದಿಯಲ್ಲಿ ಏಳೆಂಟು ಎಸಳು. "ಹೀಗೇ ನಿಂತುಬಿಡುತ್ತೇನೋ?" ಅಂತ ಅಕ್ಕ ಫೋಟೋ ಕಳಿಸುತ್ತಿದ್ದಳು. ಎಲೆ ಬಿದ್ದ ಗುರುತಿನ ಮೇಲಿನ ಮೊಗ್ಗು ಹತ್ತಿರದಿಂದ ತೆಗೆದು ಕಳಿಸು ಎಂದೆ. ಜನವರಿ ಕೊನೆಯ ಫೋಟೋದಲ್ಲಿ ಅವು ಸಾಸಿವೆ ಕಾಳಿನಷ್ಟು ಉಬ್ಬಿ, ಕಂದು ಬಣ್ಣ ಹೋಗಿ ಹಸಿರಾಗಿದ್ದವು. ಬೇರು ಕೆಲಸ ಶುರುಮಾಡಿದೆ ಎಂದು ಆಗಲೇ ಗೊತ್ತಾಯಿತು. ಫೆಬ್ರವರಿಯಲ್ಲಿ ತಿಳಿಹಸಿರು ಚಿಗುರು ಬಿಚ್ಚಿಕೊಂಡಿತು. ಬೇಸಿಗೆಯಲ್ಲಿ ವಾರದೊಳಗೆ ಅರಳುವ ಎಸಳು ಇಲ್ಲಿ ಮೂರು ವಾರ ತೆಗೆದುಕೊಂಡಿತು. 20 ಡಿಗ್ರಿಯ ಮನೆಯಲ್ಲಿ ಇದಕ್ಕಿಂತ ಬೇಗ ಆಗುವುದಿಲ್ಲ. ಇದು 25ರಿಂದ 30 ಡಿಗ್ರಿಯಲ್ಲಿ ಓಡುವ ಗಿಡ. ಆ ಚಿಗುರನ್ನು ಒಗ್ಗರಣೆಗೆ ಕೀಳದೆ ಬಿಡಬೇಕಾಯಿತು. ಅಂಗಡಿಯ ಕರಿಬೇವಿನಲ್ಲೇ ಚಳಿಗಾಲ ಕಳೆಯಿತು.

ಹೊಸ ಎಲೆ ಪೂರ್ತಿ ಬಿಚ್ಚಿ ಕಡುಹಸಿರಾದ ಮೇಲೆ, ಮಾರ್ಚಿನಲ್ಲಿ, ಮೊದಲ ಸಲ ಗೊಬ್ಬರ ಕೊಟ್ಟಿದ್ದು. ನೀರಿನಲ್ಲಿ ಕರಗುವ ಗೊಬ್ಬರ, ಪೊಟ್ಟಣದ ಮೇಲೆ ಹೇಳಿದ ಅರ್ಧ ಪ್ರಮಾಣ, ತಿಂಗಳಿಗೊಮ್ಮೆ. ಅದೇ ಸಮಯಕ್ಕೆ ಉದ್ದ ಕಾಂಡವನ್ನು ಮೊಣಕಾಲೆತ್ತರಕ್ಕೆ, ಉಬ್ಬಿದ ಒಂದು ಮೊಗ್ಗಿನ ಸ್ವಲ್ಪ ಮೇಲೆ ಕತ್ತರಿಸಿದೆ. ಅಕ್ಕನಿಗೆ ಮನಸ್ಸಿರಲಿಲ್ಲ. ಆದರೆ ತುದಿ ಇರುವವರೆಗೆ ಕೆಳಗಿನ ಮೊಗ್ಗುಗಳು ಸುಮ್ನೆ ಇರುತ್ತವೆ. ತುದಿ ತೆಗೆದ ಮೇಲೆ ಕೆಳಗೆ ನಾಲ್ಕು ಕಡೆ ಕವಲೊಡೆಯಿತು. ದೀಪದ ಕೆಳಗೆ ಗಿಡ ಕುಳ್ಳಗಿದ್ದರೆ ಎಲ್ಲ ಎಲೆಗೂ ಬೆಳಕು ತಲುಪುತ್ತದೆ ಅನ್ನುವ ಲಾಭವೂ ಇದೆ.

ಮೇ ಮಧ್ಯದಲ್ಲಿ ರಾತ್ರಿಯೂ 13 ಡಿಗ್ರಿಗಿಂತ ಕೆಳಗಿಳಿಯದ ಮೇಲೆ ಹೊರಗೆ ತೆಗೆದೆವು. ನೇರ ಬಿಸಿಲಿಗಲ್ಲ. ಮನೆಯೊಳಗೆ ಹುಟ್ಟಿದ ಎಲೆ ತೆಳು, ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನಕ್ಕೆ ಬಿಳಿ ಮಚ್ಚೆ ಬಿದ್ದು ಸುಡುತ್ತದೆ. ಮೊದಲ ವಾರ ಗೋಡೆಯ ನೆರಳು, ಆಮೇಲೆ ಬೆಳಗಿನ ಬಿಸಿಲು, ಜೂನ್ ಹೊತ್ತಿಗೆ ಇಡೀ ದಿನ. ಗಿಡ ಓಡಲು ಶುರುವಾದ ಮೇಲೆಯೇ ಹನ್ನೆರಡು ಇಂಚಿನ ಕುಂಡಕ್ಕೆ ಬದಲಿಸಿದ್ದು. ಎರಡು ಪಾಲು ಕುಂಡದ ಮಣ್ಣು, ಒಂದು ಪಾಲು ಪರ್ಲೈಟ್, ಒಂದು ಪಾಲು ಎರೆಗೊಬ್ಬರ.

ಮುಂದಿನ ಸಲಕ್ಕೆ ಬದಲಾಗುವುದು ಒಳಗೆ ತರುವ ದಿನ. ಇಬ್ಬನಿ ಹೆಪ್ಪುಗಟ್ಟುವ ಸೂಚನೆ ಬರುವವರೆಗೆ ಕಾಯದೆ, ರಾತ್ರಿ 13 ಡಿಗ್ರಿ ಮುಟ್ಟುವ ಸೆಪ್ಟೆಂಬರ್ ಕೊನೆಯಲ್ಲೇ ತರಬೇಕು. ಆಗ ಮನೆಯ ಹೀಟರ್ ಇನ್ನೂ ಶುರುವಾಗಿರುವುದಿಲ್ಲ, ಒಳಗಿನ ಗಾಳಿ ಹೊರಗಿನ ಗಾಳಿಗೆ ಹತ್ತಿರವೇ ಇರುತ್ತದೆ. ತರುವ ಮುಂಚೆ ಹಿತ್ತಲಲ್ಲೇ ಪೈಪಿನಿಂದ ಎಲೆಯ ಅಡಿಭಾಗ ತೊಳೆದು, ಹಾಳೆಯ ಮೇಲೆ ತಟ್ಟಿ ನೋಡಿ, ತಂದ ದಿನದಿಂದಲೇ ದೀಪ ಹಚ್ಚಬೇಕು. ಹೊಸ ಕುಂಡದ ತೂಕವನ್ನು ಅಕ್ಕ ಆಗಲೇ ಅದರ ಅಂಚಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದಾಳೆ. ನೀರು ಕುಡಿದಾಗ 13, ಮತ್ತೆ ಹಾಕುವುದು 10ಕ್ಕೆ.